ಹೊಸ ಚಾಟ್‌ಗೆ ಹಳೆಯ ಪಾಠದ ಚೀಟಿ

ಸಾನಮಾವಿನ ಸುತ್ತಮುತ್ತ ಹತ್ತನೇ ತರಗತಿಗೆ ಓದುವ ಮಕ್ಕಳಿಗೆ ಫೋನ್ ಕೈಗೆ ಸಿಗುವುದು ತುಂಡು ತುಂಡಾಗಿ. ಮನೆಗೆ ಒಂದೇ ಸ್ಮಾರ್ಟ್‌ಫೋನ್, ಅದು ಹಗಲೆಲ್ಲ ಅಪ್ಪನ ಜೊತೆ ಹೊಸೂರಿನ ಕೆಲಸಕ್ಕೆ ಹೋಗಿರುತ್ತದೆ. ರಾತ್ರಿ ಬಂದ ಮೇಲೆ ಅಣ್ಣನಿಗೂ ಅದೇ ಬೇಕು. ರಾಗಿ ಕೊಯ್ಲಿನ ದಿನಗಳಲ್ಲಿ ಆನೆ ಹಿಂಡು ನಮ್ಮ ಕಾಡಿಗೆ ಬಂದು ನಿಂತರೆ ಕತ್ತಲಾದ ಮೇಲೆ ಯಾರೂ ಯಾರ ಮನೆಗೂ ಹೋಗಿ ಕೂತು ಓದುವ ಹಾಗಿಲ್ಲ. ಹೀಗಾಗಿ ಮುಕ್ಕಾಲು ಗಂಟೆ ಫೋನ್ ಸಿಕ್ಕಾಗ ಚಾಟ್‌ಜಿಪಿಟಿಯನ್ನೋ ಜೆಮಿನಿಯನ್ನೋ ತೆರೆದು ಪಾಠದ ಅನುಮಾನ ಕೇಳುವ ಮಕ್ಕಳು ನಮ್ಮಲ್ಲೂ ಇದ್ದಾರೆ. ಅದರಲ್ಲಿ ಮೊದಲ ಇಪ್ಪತ್ತು ನಿಮಿಷ ನಿನ್ನೆ ಹೇಳಿದ್ದನ್ನೇ ಮತ್ತೆ ಹೇಳುವುದರಲ್ಲಿ ಕಳೆಯುತ್ತದೆ. ಆ ಇಪ್ಪತ್ತು ನಿಮಿಷವನ್ನು ಉಳಿಸುವ ಒಂದು ಕೆಲಸ ಇದೆ. ಇವತ್ತು ಅದನ್ನೇ ಕಲಿಯೋಣ, ನಿಧಾನವಾಗಿ.

ಮೊದಲು, ನಿನ್ನೆಯದು ಯಾಕೆ ಮರೆತುಹೋಗುತ್ತದೆ ಎಂದು ತಿಳಿದುಕೊಳ್ಳಿ. ನೀವು ಹೊಸ ಚಾಟ್ ಶುರು ಮಾಡಿದರೆ ಆ ಯಂತ್ರದ ಮುಂದೆ ಇರುವುದು ಆ ಚಾಟ್‌ನಲ್ಲಿ ನೀವು ಬರೆದದ್ದು ಮಾತ್ರ. ಹಿಂದಿನ ಚಾಟ್ ಬೇರೆ ಕಾಗದ. ಕೆಲವು ಆಪ್‌ಗಳಲ್ಲಿ ಹಳೆಯ ಮಾತುಗಳನ್ನು ನೆನಪಿಟ್ಟುಕೊಳ್ಳುವ ಸೌಲಭ್ಯ ಇದೆ. ಆದರೆ ಅದು ಯಾವುದನ್ನು ಹಿಡಿದುಕೊಂಡಿತು, ಯಾವುದನ್ನು ಬಿಟ್ಟಿತು ಎಂಬುದು ಪೂರ್ತಿಯಾಗಿ ನಮ್ಮ ಕೈಯಲ್ಲಿಲ್ಲ. ಒಂದೇ ಫೋನಿನಲ್ಲಿ ಅಣ್ಣನ ಪಾಲಿಟೆಕ್ನಿಕ್ ಪಾಠವೂ ನಿಮ್ಮ ಹತ್ತನೇ ತರಗತಿಯೂ ಸೇರಿದರೆ ಎರಡೂ ಕಲಸಿಹೋಗುವುದೂ ಉಂಟು.

ಹಾಗಾದರೆ ಹಳೆಯ ಚಾಟನ್ನೇ ದಿನವೂ ಮುಂದುವರಿಸಿದರೆ ಆಗದೇ ಎಂದು ಕೇಳುತ್ತೀರಿ. ಸ್ವಲ್ಪ ದಿನ ಆಗುತ್ತದೆ. ಆದರೆ ಯಂತ್ರ ಒಂದು ಸಲಕ್ಕೆ ಎದುರಿಗೆ ಇಟ್ಟುಕೊಳ್ಳಬಲ್ಲ ಬರಹಕ್ಕೆ ಒಂದು ಮಿತಿ ಇದೆ. ಅದು ಬರಹವನ್ನು ಸಣ್ಣ ಸಣ್ಣ ಚೂರುಗಳಾಗಿ ಒಡೆದು ಓದುತ್ತದೆ. ಒಂದೇ ಅರ್ಥದ ವಾಕ್ಯ ಇಂಗ್ಲಿಷಿನಲ್ಲಿ ಒಡೆಯುವುದಕ್ಕಿಂತ ಕನ್ನಡದಲ್ಲಿ ಸಾಮಾನ್ಯವಾಗಿ ಹೆಚ್ಚು ಚೂರಾಗುತ್ತದೆ, ಆದ್ದರಿಂದ ನಮ್ಮ ಚಾಟ್ ಬೇಗ ತುಂಬುತ್ತದೆ. ತುಂಬಿದ ಮೇಲೆ ಮೊದಲು ಆಡಿದ ಮಾತುಗಳು ಬಿಟ್ಟುಹೋಗಬಹುದು. ಮಿತಿಯ ಒಳಗೇ ಇದ್ದರೂ ಉದ್ದನೆಯ ಬರಹದ ನಡುವೆ ಹೂತುಹೋದ ಸಾಲಿನ ಮೇಲೆ ಅದರ ಗಮನ ಕಡಿಮೆಯಾಗಬಹುದು. ಇದು ಆಗುತ್ತಿದೆ ಎಂದು ಗುರುತಿಸುವುದು ಕಷ್ಟವಲ್ಲ. ನೀವು ಒಪ್ಪಿಕೊಂಡು ಮುಗಿಸಿದ್ದ ಚಿಹ್ನೆಯ ನಿಯಮ ಒಂದು ದಿನ ಬದಲಾಗಿರುತ್ತದೆ. ಉತ್ತರ ಹೇಳಬೇಡ ಎಂದು ಮೊದಲೇ ಬರೆದಿದ್ದರೂ ಪೂರ್ತಿ ಉತ್ತರ ಬಂದುಬಿಡುತ್ತದೆ. ಆಗ ಆ ಚಾಟನ್ನು ಮುಚ್ಚಿ ಹೊಸದನ್ನು ತೆರೆಯಬೇಕು, ಮತ್ತು ಹೊಸದಕ್ಕೆ ಮೊದಲು ಕೊಡಬೇಕಾದದ್ದು ಒಂದು ಸಣ್ಣ ಚೀಟಿ.

ಸರ್ಕಾರಿ ಆಸ್ಪತ್ರೆಯ ಓ.ಪಿ. ಚೀಟಿ ನೋಡಿದ್ದೀರಲ್ಲ. ಸೋಮವಾರ ಒಬ್ಬ ಡಾಕ್ಟರು, ಗುರುವಾರ ಇನ್ನೊಬ್ಬರು. ಆದರೂ ಗುರುವಾರದವರು ಚೀಟಿ ನೋಡಿದ ಕೂಡಲೇ ಏನು ಕಾಯಿಲೆ, ಯಾವ ಮಾತ್ರೆ ಕೊಟ್ಟಾಯಿತು, ಯಾವುದು ಮೈಗೆ ಒಗ್ಗಲಿಲ್ಲ, ಇನ್ನು ಏನು ಮಾಡಬೇಕು ಎಂದು ತಿಳಿದುಕೊಳ್ಳುತ್ತಾರೆ. ಚೀಟಿಯಲ್ಲಿ ನಿಮ್ಮ ಜೀವನಚರಿತ್ರೆ ಇರುವುದಿಲ್ಲ, ಇಂದಿನ ಚಿಕಿತ್ಸೆಗೆ ಬೇಕಾದಷ್ಟೇ ಇರುತ್ತದೆ. ಪಾಠದ ಚೀಟಿಯೂ ಅಷ್ಟೇ ಇರಲಿ.

ಈಗ ಬೆಳಕಿನ ಪಾಠವನ್ನೇ ತೆಗೆದುಕೊಳ್ಳೋಣ, ಹತ್ತನೇ ತರಗತಿ ವಿಜ್ಞಾನದ ಎರಡನೇ ಪಾಠ. ಮಸೂರದ ಲೆಕ್ಕಗಳಲ್ಲಿ ಸಿಕ್ಕಿಕೊಂಡ ಒಬ್ಬ ಹುಡುಗಿ ಮೊದಲು ಬರೆದ ಚೀಟಿ ಹೀಗಿತ್ತು:

ನಿನ್ನೆ ಬೆಳಕು ಪಾಠ ಓದಿದೆ. ಮಸೂರ ಅರ್ಥವಾಯಿತು. ಆ ಲೆಕ್ಕ ಮುಂದುವರಿಸೋಣ.

ಈ ಮೂರು ವಾಕ್ಯ ಅವಳಿಗೆ ಅರ್ಥವಾಗುತ್ತದೆ, ಬೇರೆ ಯಾರಿಗೂ ಆಗುವುದಿಲ್ಲ. ಆ ಲೆಕ್ಕ ಎಂದರೆ ಯಾವುದು? ಅರ್ಥವಾಯಿತು ಎಂದರೆ ಏನು, ಓದಿ ತಲೆ ಆಡಿಸಿದ್ದೇ, ಪುಸ್ತಕ ಮುಚ್ಚಿ ಬಿಡಿಸಿದ್ದೇ? ಎಲ್ಲಕ್ಕಿಂತ ಮುಖ್ಯವಾಗಿ, ಯಾವ ರಾಜ್ಯದ ಯಾವ ಪುಸ್ತಕ?

ಈ ಕೊನೆಯ ಪ್ರಶ್ನೆ ನಮ್ಮ ಗಡಿಯ ಮಕ್ಕಳಿಗೆ ಮಾತ್ರ ಬರುವಂಥದ್ದು, ಆದ್ದರಿಂದ ಸ್ವಲ್ಪ ಹೊತ್ತು ಅದನ್ನು ಬಿಡಿಸಿ ಹೇಳುತ್ತೇನೆ. ನೀವು ಕನ್ನಡದಲ್ಲಿ ಬರೆದ ತಕ್ಷಣ ಯಂತ್ರ ನಿಮ್ಮನ್ನು ಕರ್ನಾಟಕದ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ ಎಂದುಕೊಳ್ಳುವ ಸಂಭವ ಹೆಚ್ಚು. ಕನ್ನಡದಲ್ಲಿ ಸಿಗುವ ಪಾಠದ ಬರಹದಲ್ಲಿ ಬಹುಪಾಲು ಅಲ್ಲಿಯದೇ. ಅಲ್ಲಿ ವಿಜ್ಞಾನದ ಬರವಣಿಗೆ ಪತ್ರಿಕೆ 80 ಅಂಕ, ಆಂತರಿಕ 20. ನಮ್ಮ ತಮಿಳುನಾಡಿನಲ್ಲಿ ಬರವಣಿಗೆ 75, ಪ್ರಾಯೋಗಿಕ 25, ಪ್ರಶ್ನೆಗಳು 1, 2, 4, 7 ಅಂಕದವು. ಅಲ್ಲಿಯ ಹತ್ತನೇ ತರಗತಿಯಲ್ಲಿ ದರ್ಪಣಗಳ ಲೆಕ್ಕ ಇದೆ, ನಾವು ಅದನ್ನು ಒಂಬತ್ತರಲ್ಲೇ ಮುಗಿಸಿದ್ದೇವೆ. ನಮಗೆ ಹತ್ತರಲ್ಲಿ ರಾಮನ್ ಚದುರುವಿಕೆ, ಮಸೂರ ತಯಾರಕರ ಸೂತ್ರ, ಸೂಕ್ಷ್ಮದರ್ಶಕ, ದೂರದರ್ಶಕ ಬರುತ್ತವೆ. ಯಾವ ಪರೀಕ್ಷೆ ಎಂದು ಹೇಳದೆ ಕೂತರೆ ನೀವು ಒಂದು ಸಂಜೆ ಪೂರ್ತಿ ನಿಮಗೆ ಬೇಡದ ದರ್ಪಣದ ಲೆಕ್ಕ ಮಾಡುತ್ತಾ ಕೂತಿರಬಹುದು, ಮತ್ತು ಅದು ತಪ್ಪು ಎಂದು ಎಲ್ಲೂ ಕಾಣುವುದಿಲ್ಲ, ಯಾಕೆಂದರೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಚೀಟಿಯಲ್ಲಿ ದಿನಾಂಕ ಬಿಟ್ಟರೆ ಮೊದಲ ಸಾಲು ಯಾವಾಗಲೂ ಪರೀಕ್ಷೆಯ ಹೆಸರು. ಕರ್ನಾಟಕದ್ದಲ್ಲ ಎಂದೂ ಬಾಯಿಬಿಟ್ಟು ಬರೆಯಿರಿ.

ಅದೇ ಹುಡುಗಿ ಆಮೇಲೆ ಸರಿಮಾಡಿ ಬರೆದದ್ದು ಇದು:

ದಿನಾಂಕ: ಜನವರಿ 12
ಪರೀಕ್ಷೆ: ತಮಿಳುನಾಡು 10ನೇ ತರಗತಿ ವಿಜ್ಞಾನ, ಕನ್ನಡ ಮಾಧ್ಯಮ. ಕರ್ನಾಟಕದ ಎಸ್ಸೆಸ್ಸೆಲ್ಸಿ ಅಲ್ಲ.
ಪಾಠ: 2ನೇ ಪಾಠ, ಬೆಳಕು. ಈಗ ಮಸೂರದ ಲೆಕ್ಕಗಳು ಮಾತ್ರ.
ಸೂತ್ರ: 1/f = 1/v - 1/u, m = v/u, P = 1/f (f ಮೀಟರಿನಲ್ಲಿ)
ಚಿಹ್ನೆ: ವಸ್ತು ಮಸೂರದ ಎಡಕ್ಕೆ, u ಋಣ. ಪೀನ ಮಸೂರದ f ಧನ, ನಿಮ್ನ ಮಸೂರದ f ಋಣ.
ಬರುತ್ತದೆ: ಪೀನ ಮಸೂರದಲ್ಲಿ v ಕಂಡುಹಿಡಿಯುವುದು. ಮಾದರಿ: f = 10, u = -15, v = 30, m = -2.
ತಪ್ಪುತ್ತದೆ: u ಗೆ ಋಣ ಚಿಹ್ನೆ ಮರೆತು v = 6 ತಂದೆ. P ಲೆಕ್ಕದಲ್ಲಿ ಸೆಂಟಿಮೀಟರನ್ನು ಹಾಗೇ ಬಿಟ್ಟೆ.
ನಿಂತದ್ದು: ನಿಮ್ನ ಮಸೂರ, f = -15, v = -10, u ಎಷ್ಟು? ಇನ್ನೂ ಶುರು ಮಾಡಿಲ್ಲ.
ಬೇಕಾದದ್ದು: ಉತ್ತರ ಬೇಡ. ಒಂದೊಂದೇ ಹೆಜ್ಜೆ ಕೇಳಬೇಕು, ನಾನು ಬರೆದ ಮೇಲೆ ತಪ್ಪು ಎಲ್ಲಿ ಎಂದು ತೋರಿಸಬೇಕು.

ಫೋನಿನ ಒಂದು ಪರದೆ ತುಂಬುವಷ್ಟು, ಅದಕ್ಕಿಂತ ಸ್ವಲ್ಪ ಹೆಚ್ಚು. ಇಷ್ಟೇ ಸಾಕು. ಇದರಲ್ಲಿ ಕೆಲವು ಸಾಲು ಯಾಕೆ ಹಾಗಿವೆ ಎಂದು ನೋಡೋಣ.

ಚಿಹ್ನೆಯ ಸಾಲು ಈ ಚೀಟಿಯ ಬೆನ್ನೆಲುಬು. ಮಸೂರದ ಲೆಕ್ಕಕ್ಕೆ ಪ್ರಪಂಚದಲ್ಲಿ ಒಂದಕ್ಕಿಂತ ಹೆಚ್ಚು ಚಿಹ್ನೆ ಪದ್ಧತಿಗಳು ಬಳಕೆಯಲ್ಲಿವೆ. ನಮ್ಮ ಪುಸ್ತಕ ಕಾರ್ಟೀಸಿಯನ್ ಪದ್ಧತಿಯದು, ಅದರಲ್ಲಿ ಸೂತ್ರದ ನಡುವೆ ಕಳೆಯುವ ಚಿಹ್ನೆ ಇರುತ್ತದೆ. ಇನ್ನೊಂದು ಪದ್ಧತಿಯಲ್ಲಿ ನಿಜವಾದ ವಸ್ತುವಿನ ದೂರ ಧನ, ಸೂತ್ರದ ನಡುವೆ ಕೂಡುವ ಚಿಹ್ನೆ. ಎರಡೂ ಸರಿ, ಎರಡೂ ಬೆರೆತರೆ ಮಾತ್ರ ತಪ್ಪು. ನಮ್ಮ ಲೆಕ್ಕದಲ್ಲೇ ಇದನ್ನು ಮಾಡಿ ನೋಡಿ. f = 10, u = -15 ಇಟ್ಟು ನಮ್ಮ ಸೂತ್ರ ಹಾಕಿದರೆ 1/v = 1/10 - 1/15 = 1/30, ಆದ್ದರಿಂದ v = 30 ಸೆಂ.ಮೀ. ಈಗ ಸೂತ್ರವನ್ನು ಆ ಇನ್ನೊಂದು ಪದ್ಧತಿಯಿಂದ ತಂದು, u ಗೆ ಮಾತ್ರ ನಮ್ಮ -15 ಅನ್ನೇ ಇಟ್ಟರೆ 1/v = 1/10 + 1/15 = 1/6, ಅಂದರೆ v = 6. ನಮ್ಮ ಸೂತ್ರವನ್ನೇ ಇಟ್ಟುಕೊಂಡು u ಗೆ ಋಣ ಚಿಹ್ನೆ ಹಾಕಲು ಮರೆತರೂ ಇದೇ 6 ಬರುತ್ತದೆ. ಎರಡು ಬೇರೆ ಬೇರೆ ತಪ್ಪು, ಉತ್ತರ ಒಂದೇ. ಹೀಗಾಗಿ 6 ಎಂದು ಬಂದಾಗ ತಪ್ಪು ನಿಮ್ಮದೋ, ಚಾಟ್‌ನಲ್ಲಿ ಪದ್ಧತಿ ಬದಲಾಯಿತೋ ಎಂದು ಹೇಳಲಾಗುವುದಿಲ್ಲ. ಚೀಟಿಯಲ್ಲಿ ಪದ್ಧತಿ ಬರೆದಿದ್ದರೆ ಎರಡನೆಯ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ, ಆಮೇಲೆ ನಿಮ್ಮ ತಪ್ಪನ್ನು ಹುಡುಕುವುದು ಸುಲಭ.

6 ತಪ್ಪು ಎಂದು ಲೆಕ್ಕ ಮಾಡದೆಯೂ ತಿಳಿಯಬಹುದು, ಅದನ್ನೂ ಕಲಿತುಕೊಳ್ಳಿ. ಸಂಗಮ ದೂರ 10 ಎಂದರೆ 2F ಇರುವುದು 20ರಲ್ಲಿ. ವಸ್ತು 15ರಲ್ಲಿದೆ, F ಮತ್ತು 2F ನಡುವೆ. ಪೀನ ಮಸೂರದಲ್ಲಿ ವಸ್ತು ಅಲ್ಲಿದ್ದರೆ ಪ್ರತಿಬಿಂಬ ಆಚೆ ಬದಿಯಲ್ಲಿ 2F ದಾಟಿ ಬೀಳಬೇಕು, ಅಂದರೆ 20ಕ್ಕಿಂತ ದೂರ. 6 ಎಂಬುದು F ಅನ್ನೂ ದಾಟಿಲ್ಲ.

ಮಾದರಿ ಲೆಕ್ಕವನ್ನು ಉತ್ತರದ ಸಮೇತ ಚೀಟಿಯಲ್ಲಿ ಇಟ್ಟದ್ದಕ್ಕೆ ಕಾರಣ ಇದೆ. ಚಿಹ್ನೆಯ ನಿಯಮವನ್ನು ಮಾತಿನಲ್ಲಿ ಬರೆದರೆ ತಪ್ಪಾಗಿ ಓದಿಕೊಳ್ಳಲು ಜಾಗ ಉಳಿಯುತ್ತದೆ. ಒಂದು ಬಿಡಿಸಿದ ಲೆಕ್ಕ ಇದ್ದರೆ ನಿಯಮ ಏನೆಂದು ಅಂಕಿಗಳೇ ಹೇಳುತ್ತವೆ. ಇನ್ನೊಂದು ಉಪಯೋಗ, ಹೊಸ ಚಾಟ್ ಸರಿಯಾಗಿ ಹಿಡಿಯಿತೋ ಇಲ್ಲವೋ ಎಂಬ ಪರೀಕ್ಷೆ. ಚೀಟಿ ಹಾಕಿದ ಮೇಲೆ ನಿಮಗೆ ಉತ್ತರ ಗೊತ್ತಿರುವ, ಆದರೆ ಚೀಟಿಯಲ್ಲಿ ಇಲ್ಲದ ಒಂದು ಸಣ್ಣ ಲೆಕ್ಕವನ್ನು ಮೊದಲು ಬಿಡಿಸಿಸಿ. ಉದಾಹರಣೆಗೆ f = 10, u = -20. ವಸ್ತು ಸರಿಯಾಗಿ 2Fನಲ್ಲಿ, ಆದ್ದರಿಂದ v = 20, m = -1 ಬರಲೇಬೇಕು. ಚಿಹ್ನೆಯೂ ಸೇರಿ ಹಾಗೇ ಬಂದರೆ ಮುಂದೆ ಹೋಗಿ. ಬರದಿದ್ದರೆ ಅಲ್ಲೇ ತಿದ್ದುತ್ತಾ ಕೂರಬೇಡಿ, ಚಾಟ್ ಮುಚ್ಚಿ ಚೀಟಿಯ ಚಿಹ್ನೆಯ ಸಾಲನ್ನು ಇನ್ನಷ್ಟು ಬಿಡಿಸಿ ಬರೆದು ಹೊಸದಾಗಿ ಶುರು ಮಾಡಿ. ತಪ್ಪಾಗಿ ಶುರುವಾದ ಚಾಟ್‌ನಲ್ಲಿ ಆ ತಪ್ಪು ಉತ್ತರವೂ ಅದರ ಎದುರಿಗೇ ಉಳಿದಿರುತ್ತದೆ.

ಇಡೀ ಹಳೆಯ ಚಾಟನ್ನು ಕಾಪಿ ಮಾಡಿ ಹಾಕುವುದು ಬೇಡ ಎಂದು ನಾನು ಹೇಳುವುದೂ ಇದಕ್ಕೇ. ಅದರಲ್ಲಿ 6 ಎಂಬ ಉತ್ತರವೂ ಇದೆ, 30 ಎಂಬ ಉತ್ತರವೂ ಇದೆ, ನಡುವೆ ನಾಲ್ಕು ಸಲ ತಿದ್ದಿದ್ದೂ ಇದೆ. ಯಾವುದು ಕೊನೆಗೆ ನಿಂತಿತು ಎಂದು ಆರಿಸಿ ಕೊಡುವುದೇ ಚೀಟಿಯ ಕೆಲಸ.

ಅಂತೆಯೇ ಚಾಟ್‌ನ ಒಳಗೇ ಸಾರಾಂಶ ಬರೆಸಿಕೊಂಡು ಅದನ್ನೇ ಚೀಟಿ ಎಂದುಕೊಳ್ಳುವವರಿದ್ದಾರೆ. ಕರಡಿಗೆ ಅದು ಪರವಾಗಿಲ್ಲ, ಟೈಪ್ ಮಾಡುವ ಶ್ರಮ ಉಳಿಯುತ್ತದೆ. ಆದರೆ ಅದು ವಿವರಿಸಿದ್ದನ್ನೆಲ್ಲ ನೀವು ಕಲಿತಿರಿ ಎಂದು ಬರೆದುಬಿಡುವ ಅಭ್ಯಾಸ ಅದಕ್ಕಿದೆ. ಸಾಮರ್ಥ್ಯದ ಸೂತ್ರವನ್ನು ಓದಿದ್ದಷ್ಟೇ ಆಗಿದ್ದರೂ ಸಾಮರ್ಥ್ಯದ ಲೆಕ್ಕ ಮುಗಿಯಿತು ಎಂದು ಬಂದಿರುತ್ತದೆ. ಮರುದಿನ ಹೊಸ ಚಾಟ್ ಅದನ್ನು ನಂಬಿ ಆ ಭಾಗವನ್ನೇ ದಾಟಿ ಹೋಗುತ್ತದೆ, ನೀವೂ ಹಿಂದೆಯೇ ಹೋಗುತ್ತೀರಿ. ಆದ್ದರಿಂದ ‘ಬರುತ್ತದೆ’ ಮತ್ತು ‘ತಪ್ಪುತ್ತದೆ’ ಎಂಬ ಎರಡು ಸಾಲನ್ನು ನೋಟ್‌ಬುಕ್ ಎದುರಿಗೆ ಇಟ್ಟುಕೊಂಡು ನೀವೇ ಬರೆಯಿರಿ. ಸೂತ್ರದ ಸಾಲನ್ನು ಪಠ್ಯಪುಸ್ತಕ ನೋಡಿ ಬರೆಯಿರಿ, ಚಾಟ್ ನೋಡಿ ಅಲ್ಲ. ಚೀಟಿಯಲ್ಲಿ ಒಂದು ಸೂತ್ರ ತಪ್ಪಿದರೆ ಅಂದಿನ ಎಲ್ಲ ಲೆಕ್ಕವೂ ಅದರ ಮೇಲೇ ನಿಲ್ಲುತ್ತದೆ. P = 1/f ಎಂದು ಬರೆದು ಪಕ್ಕದಲ್ಲಿ ಮೀಟರು ಎಂದು ಬರೆಯದಿದ್ದರೆ, 10 ಸೆಂ.ಮೀ. ಮಸೂರಕ್ಕೆ 10 ಡಯಾಪ್ಟರ್ ಬರಬೇಕಾದ ಕಡೆ 0.1 ಬಂದು ಕೂತಿರುತ್ತದೆ.

ಪದಗಳ ವಿಷಯಕ್ಕೂ ಪುಸ್ತಕವೇ ಪ್ರಮಾಣ. ನಮ್ಮ ಕನ್ನಡ ಮಾಧ್ಯಮದ ಪುಸ್ತಕದ ಪಾರಿಭಾಷಿಕ ಪದ ಮತ್ತು ಚಾಟ್‌ನಲ್ಲಿ ಬರುವ ಪದ ಬೇರೆಯಾದಾಗ ಪುಸ್ತಕದ್ದನ್ನು ಚೀಟಿಗೆ ಸೇರಿಸಿ. ಉತ್ತರಪತ್ರಿಕೆಯಲ್ಲಿ ನೀವು ಬರೆಯಬೇಕಾದದ್ದು ಅದೇ. ನಾಲ್ಕೈದು ಪದಕ್ಕಿಂತ ಹೆಚ್ಚು ಬೇಡ, ಆ ಪಾಠದಲ್ಲಿ ನಿಮಗೆ ನಿಜವಾಗಿ ಗೊಂದಲ ಆದವು ಮಾತ್ರ.

ಇನ್ನು ‘ಮೇಲಿನ ಸೂತ್ರ’, ‘ಆಗ ಹೇಳಿದ ಹಾಗೆ’, ‘ಆ ಲೆಕ್ಕ’ ಇಂಥ ಮಾತು ಚೀಟಿಯಲ್ಲಿ ಒಂದೂ ಉಳಿಯಬಾರದು. ಅವು ಹಳೆಯ ಚಾಟನ್ನು ನೋಡಿಕೊಂಡು ಹೇಳಿದ ಮಾತುಗಳು, ಹೊಸದರಲ್ಲಿ ಅವುಗಳಿಗೆ ನೆಲ ಇಲ್ಲ. ಬರೆದಾದ ಮೇಲೆ ಪಕ್ಕದ ಬೆಂಚಿನ ಗೆಳತಿಗೆ ಓದಲು ಕೊಡಿ. ನಿಮ್ಮನ್ನು ಏನೂ ಕೇಳದೆ ಮುಂದಿನ ಲೆಕ್ಕ ಯಾವುದು, ಯಾವ ಚಿಹ್ನೆ ಪದ್ಧತಿ ಎಂದು ಅವಳು ಹೇಳಬಲ್ಲಳಾದರೆ ಆ ಚೀಟಿ ಯಾವ ಆಪ್‌ನಲ್ಲಿ ಹಾಕಿದರೂ ನಡೆಯುತ್ತದೆ. ಉಚಿತ ಬಳಕೆಯ ಮಿತಿ ಮುಗಿದು ಒಂದು ಆಪ್ ನಿಂತರೆ ಇನ್ನೊಂದರಲ್ಲಿ ಅದೇ ಚೀಟಿಯಿಂದ ಮುಂದುವರಿಸಬಹುದು. ನಿಮ್ಮ ಹೆಸರು, ಶಾಲೆಯ ಹೆಸರು, ನೋಂದಣಿ ಸಂಖ್ಯೆ ಮಾತ್ರ ಅದರಲ್ಲಿ ಬೇಡ. ಲೆಕ್ಕಕ್ಕೆ ಅವು ಬೇಕಾಗಿಲ್ಲ.

ಈಗ ಮರುದಿನಕ್ಕೆ ಬರೋಣ. ಆ ಹುಡುಗಿ ನಿಮ್ನ ಮಸೂರದ ಲೆಕ್ಕ ಬಿಡಿಸಿದಳು. 1/u = 1/v - 1/f, ಅಂದರೆ -1/10 + 1/15 = -1/30, ಆದ್ದರಿಂದ u = -30. ವರ್ಧನೆ -10ನ್ನು -30ರಿಂದ ಭಾಗಿಸಿದರೆ 1/3, ಧನ. ನೇರ, ಚಿಕ್ಕ, ಮಿಥ್ಯ ಪ್ರತಿಬಿಂಬ. ನಿಜವಾದ ವಸ್ತುವಿಗೆ ನಿಮ್ನ ಮಸೂರ ಕೊಡುವುದು ಅದೊಂದನ್ನೇ, ಆದ್ದರಿಂದ ಉತ್ತರ ಹೊಂದುತ್ತದೆ. ಫೋನ್ ಕೊಡುವ ಮೊದಲಿನ ಐದು ನಿಮಿಷದಲ್ಲಿ ಚೀಟಿಯನ್ನು ಹೊಸದಾಗಿ ಬರೆಯಬೇಕು.

ಇಲ್ಲಿ ಹೆಚ್ಚಿನವರು ಮಾಡುವುದು ಕೆಳಗೆ ಇನ್ನಷ್ಟು ಸಾಲು ಸೇರಿಸುವುದು. ವಾರದಲ್ಲಿ ಚೀಟಿ ಮೂರು ಪುಟ ಆಗುತ್ತದೆ, ಅದರಲ್ಲಿ ಸೋಮವಾರದ ‘ನಿಂತದ್ದು’, ಬುಧವಾರದ ‘ನಿಂತದ್ದು’ ಎರಡೂ ಇರುತ್ತವೆ. ಹಾಗೆ ಮಾಡಬೇಡಿ. ಸಾಲನ್ನು ಅಳಿಸಿ ಅದೇ ಜಾಗದಲ್ಲಿ ಬರೆಯಿರಿ, ದಿನಾಂಕ ಬದಲಿಸಿ. ಪರೀಕ್ಷೆ, ಸೂತ್ರ, ಚಿಹ್ನೆ ಹಾಗೇ ಇರುತ್ತವೆ. ಅವಳ ‘ನಿಂತದ್ದು’ ಸಾಲಿಗೆ ಸಾಮರ್ಥ್ಯದ ಲೆಕ್ಕ ಬಂತು. ನಿಮ್ನ ಮಸೂರವನ್ನು ‘ಬರುತ್ತದೆ’ ಸಾಲಿಗೆ ಅಂದೇ ಏರಿಸಲು ನಾನು ಬಿಡಲಿಲ್ಲ. ಹೆಜ್ಜೆ ಹೆಜ್ಜೆಗೂ ಕೇಳಿಸಿಕೊಂಡು ಬಿಡಿಸಿದ್ದು ಬಂದಂತಲ್ಲ. ಇನ್ನೊಂದು ದಿನ, ಚಾಟ್ ತೆರೆಯದೆ, ಬೇರೆ ಅಂಕಿಗಳಿಂದ ಒಂದು ಲೆಕ್ಕ ಸರಿಹೋದರೆ ಆಗ ಏರಲಿ. ಅಲ್ಲಿಯವರೆಗೆ ‘ಒಮ್ಮೆ ಸಹಾಯದಿಂದ ಮಾಡಿದೆ’ ಎಂದು ಬರೆದರೆ ಸಾಕು. ‘ತಪ್ಪುತ್ತದೆ’ ಸಾಲಿನಿಂದ ತೆಗೆಯಲೂ ಅದೇ ನಿಯಮ.

ಚೀಟಿಯನ್ನು ಫೋನಿನ ನೋಟ್ಸ್‌ನಲ್ಲೋ, ವಾಟ್ಸಾಪ್‌ನಲ್ಲಿ ತನಗೆ ತಾನೇ ಕಳಿಸಿಕೊಂಡೋ ಇಡಬಹುದು. ಫೋನ್ ನಿಮ್ಮದಲ್ಲದಿದ್ದರೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲೂ ಒಂದು ಪ್ರತಿ ಇರಲಿ. ಹತ್ತು ಸಾಲು ಮತ್ತೆ ಟೈಪ್ ಮಾಡಲು ಹೆಚ್ಚು ಹೊತ್ತು ಬೇಡ, ಧ್ವನಿಯಲ್ಲಿ ಓದಿಯೂ ಹಾಕಬಹುದು. ಆದರೆ ಧ್ವನಿಯಲ್ಲಿ ಹಾಕಿದರೆ ಸೂತ್ರದ ಸಾಲನ್ನು ಮಾತ್ರ ಕಣ್ಣಾರೆ ನೋಡಿ. ಕಳೆಯುವ ಚಿಹ್ನೆ ಬಿದ್ದುಹೋಗುವುದು ಅಲ್ಲೇ.

ಬೇರೆ ವಿಷಯಕ್ಕೆ ಸಾಲುಗಳು ಬದಲಾಗುತ್ತವೆ. ಸಮಾಜ ವಿಜ್ಞಾನದಲ್ಲಿ ಸೂತ್ರದ ಜಾಗಕ್ಕೆ ನಿಮಗೆ ಅದಲುಬದಲಾಗುವ ಇಸವಿಗಳು ಬರುತ್ತವೆ. ತಮಿಳು ಪತ್ರಿಕೆಗೆ ಓದುವವರು ‘ವಿವರಣೆ ಕನ್ನಡದಲ್ಲಿ, ಉತ್ತರ ಬರೆಯುವುದು ತಮಿಳಿನಲ್ಲಿ’ ಎಂದು ‘ಬೇಕಾದದ್ದು’ ಸಾಲಿನಲ್ಲಿ ಸ್ಪಷ್ಟವಾಗಿ ಹಾಕಿ, ಇಲ್ಲದಿದ್ದರೆ ಎರಡೂ ಒಂದೇ ಭಾಷೆಯಲ್ಲಿ ಬರುತ್ತವೆ. ಪಾಠಕ್ಕೊಂದು ಚೀಟಿ, ಎರಡು ಪಾಠ ಒಂದರಲ್ಲಿ ಬೇಡ.

ಚೀಟಿಗೆ ಹಿಡಿಯದ ಒಂದು ಭಾಗ ಬೆಳಕಿನ ಪಾಠದಲ್ಲೇ ಇದೆ, ಕಿರಣ ಚಿತ್ರಗಳು. ಪೀನ ಮಸೂರದಲ್ಲಿ ವಸ್ತುವಿಗೆ ಆರು ಸ್ಥಾನ: ಅನಂತ ದೂರ, 2Fನ ಆಚೆ, 2Fನಲ್ಲಿ, 2F ಮತ್ತು F ನಡುವೆ, Fನಲ್ಲಿ, F ಮತ್ತು ದೃಕ್ ಕೇಂದ್ರದ ನಡುವೆ. ಇವುಗಳನ್ನು ಮಾತಿನಲ್ಲಿ ಬರೆದು ಹಾಕಿದರೆ ಪ್ರಯೋಜನ ಕಡಿಮೆ, ಚಾಟ್‌ನಲ್ಲಿ ಬರುವ ಚಿತ್ರದಲ್ಲಿ ಕಿರಣ ತಪ್ಪಾದ ಕಡೆ ಬಾಗಿರುವುದೂ ಉಂಟು. ಆದ್ದರಿಂದ ಚೀಟಿಯಲ್ಲಿ ‘ಚಿತ್ರ: ಆರರಲ್ಲಿ ಎರಡು ಬರೆದಿದ್ದೇನೆ’ ಎಂದು ಲೆಕ್ಕ ಮಾತ್ರ ಇಡಿ. ಚಿತ್ರವನ್ನು ಸ್ಕೇಲು, ಪೆನ್ಸಿಲು ಹಿಡಿದು ನೋಟ್‌ಬುಕ್ಕಿನಲ್ಲಿ ಬರೆದು, ಬಾಣದ ಗುರುತು ಹಾಕಿ, ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ನನಗೆ ತೋರಿಸಿ.